ಮಗುವಿನ ಕಾಮಾಲೆ 14 ದಿನ ದಾಟಿದೆಯೇ? ಮಲದ ಬಣ್ಣದಿಂದ ಆಪರೇಷನ್ ತನಕ, ಒಂದೊಂದೇ ಹೆಜ್ಜೆ

"ಮಗುವಿಗೆ ತಿಂಗಳಾಗುತ್ತಾ ಬಂತು, ಕಣ್ಣು ಇನ್ನೂ ಹಳದಿ. ಎದೆಹಾಲಿನ ಕಾಮಾಲೆ, ತಾನಾಗೇ ಹೋಗುತ್ತೆ ಅಂದಿದ್ದಾರೆ. ಕಾಯಬಹುದಾ?" ಮಕ್ಕಳ ಲಿವರ್ ಕಾಯಿಲೆಗಳ ಬಗ್ಗೆ ಬರೆಯುವ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಪ್ರತಿ ಸಲವೂ ನಾನು ಮೊದಲು ಎರಡು ವಿಷಯ ಕೇಳುತ್ತೇನೆ. ಮಲದ ಬಣ್ಣ ಏನು? ರಕ್ತದಲ್ಲಿ ಡೈರೆಕ್ಟ್ ಬಿಲಿರುಬಿನ್ ಎಷ್ಟು? ಹೆಚ್ಚಿನವರಿಗೆ ಎರಡಕ್ಕೂ ಉತ್ತರ ಗೊತ್ತಿರುವುದಿಲ್ಲ. ಅದಕ್ಕೇ ಇಷ್ಟು ಉದ್ದದ ಬರಹ.

ಇಷ್ಟು ದಿನ ಕಾಮಾಲೆ ಉಳಿದ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ನಿಜಕ್ಕೂ ಏನೂ ಆಗಿರುವುದಿಲ್ಲ. ಆದರೆ ಅವರ ನಡುವೆ ಅಪರೂಪಕ್ಕೆ ಒಂದು ಮಗುವಿಗೆ ಬಿಲಿಯರಿ ಅಟ್ರೀಸಿಯಾ ಇರುತ್ತದೆ. ಅಂದರೆ ಲಿವರಿನಿಂದ ಕರುಳಿಗೆ ಪಿತ್ತರಸ ಒಯ್ಯುವ ನಾಳ ಉರಿಯೂತದಿಂದ ಗಾಯವಾಗಿ, ಕಟ್ಟಿಕೊಂಡು, ಕೊನೆಗೆ ನಾರಿನಂತಾಗುವ ಕಾಯಿಲೆ. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಸುಮಾರು 15,000ದಿಂದ 20,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ತೈವಾನಿನಂಥ ಕಡೆ ಇದಕ್ಕಿಂತ ಜಾಸ್ತಿ. ಈ ಮಗುವಿಗೆ ಕಾಯುವಷ್ಟು ಸಮಯ ಇಲ್ಲ. ಹುಟ್ಟಿ 60 ದಿನ ಆಗುವುದರೊಳಗೆ, ಸಾಧ್ಯವಾದರೆ 45 ದಿನದೊಳಗೆ, ಆಪರೇಷನ್ ಆಗಬೇಕು.

ಈ ಬರಹ ಓದಿ ಮನೆಯಲ್ಲೇ ಕಾಯಿಲೆ ಪತ್ತೆ ಮಾಡಲು ಆಗುವುದಿಲ್ಲ. ಯಾವ ದಿನ ಏನು ನೋಡಬೇಕು, ಡಾಕ್ಟರ ಹತ್ತಿರ ಯಾವ ಪರೀಕ್ಷೆ ಕೇಳಬೇಕು, ದಿನಗಳು ಎಲ್ಲಿ ಸುಮ್ನೆ ಕಳೆದುಹೋಗುತ್ತವೆ ಎನ್ನುವುದು ಮಾತ್ರ ಇಲ್ಲಿದೆ.

ಮೊದಲು, ಹಳದಿ ಬಣ್ಣ ಎಲ್ಲಿಂದ ಎಲ್ಲಿಗೆ ಹೋಗುತ್ತದೆ

ಇದೊಂದು ಅರ್ಥವಾದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ಪದಾರ್ಥ ಬರುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ. ರಕ್ತದ ಜೊತೆ ಲಿವರಿಗೆ ಹೋಗುತ್ತದೆ. ಲಿವರು ಅದಕ್ಕೆ ಇನ್ನೊಂದು ಪದಾರ್ಥ ಸೇರಿಸಿ, ನೀರಿನಲ್ಲಿ ಕರಗುವ ಹಾಗೆ ಮಾಡಿ, ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಮಲಕ್ಕೆ ಹಳದಿ, ಹಸಿರು, ಕಂದು ಬಣ್ಣ ಬರುವುದು ಅದರಿಂದಲೇ.

ಲಿವರಿನ ಕೆಲಸ ಆಗುವುದಕ್ಕೆ ಮುಂಚಿನದು ಇನ್‌ಡೈರೆಕ್ಟ್ ಬಿಲಿರುಬಿನ್. ಕೆಲಸ ಮುಗಿದ ಮೇಲಿನದು ಡೈರೆಕ್ಟ್ ಬಿಲಿರುಬಿನ್. ಕೆಲವು ಲ್ಯಾಬುಗಳು ಇದನ್ನು ಕಾಂಜುಗೇಟೆಡ್ ಎಂದೂ ಬರೆಯುತ್ತವೆ.

ಹುಟ್ಟಿದ ಹೊಸದರಲ್ಲಿ ಬರುವ ಮಾಮೂಲಿ ಕಾಮಾಲೆಯಲ್ಲೂ ಎದೆಹಾಲಿನ ಕಾಮಾಲೆಯಲ್ಲೂ ಏರುವುದು ಇನ್‌ಡೈರೆಕ್ಟ್. ಲಿವರಿಗೆ ಕೆಲಸ ಇನ್ನೂ ಪೂರ್ತಿ ಕೈಹತ್ತಿಲ್ಲ, ಅಷ್ಟೇ. ಬಿಲಿಯರಿ ಅಟ್ರೀಸಿಯಾದಲ್ಲಿ ಕಥೆಯೇ ಬೇರೆ. ಲಿವರು ತನ್ನ ಕೆಲಸ ಮಾಡಿ ಮುಗಿಸಿದೆ, ಆದರೆ ಹೊರಗೆ ಹೋಗುವ ದಾರಿಯೇ ಮುಚ್ಚಿದೆ. ಹಾಗಾಗಿ ಡೈರೆಕ್ಟ್ ಬಿಲಿರುಬಿನ್ ರಕ್ತಕ್ಕೆ ವಾಪಸ್ ಬರುತ್ತದೆ. ನೀರಿನಲ್ಲಿ ಕರಗುವುದರಿಂದ ಮೂತ್ರದಲ್ಲಿ ಇಳಿದು ಅದನ್ನು ಗಾಢ ಹಳದಿ ಮಾಡುತ್ತದೆ. ಕರುಳಿಗೆ ಪಿತ್ತ ಬರದೆ ಮಲ ಬಿಳಿಚಿಕೊಳ್ಳುತ್ತದೆ. ಕಣ್ಣು ಹಳದಿ, ಮೂತ್ರ ಗಾಢ, ಮಲ ಪೇಲವ. ಮೂರೂ ಒಂದೇ ಮುಚ್ಚಿದ ನಾಳದಿಂದ ಹುಟ್ಟಿದವು.

ಹೆಜ್ಜೆ 1: ದಿನ ಎಣಿಸಿ

ಹುಟ್ಟಿದ ತಾರೀಖಿನಿಂದ ಎಣಿಸಿ. ದಿನ ತುಂಬಿ ಹುಟ್ಟಿದ ಮಗುವಿಗೆ 14 ದಿನ ದಾಟಿಯೂ ಕಣ್ಣಿನ ಬಿಳಿಭಾಗ ಹಳದಿ ಇದ್ದರೆ ರಕ್ತ ಪರೀಕ್ಷೆ ಬೇಕು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ 21 ದಿನದವರೆಗೆ ನೋಡಬಹುದು. ಮಲ ಪೇಲವವಾಗಿದ್ದರೆ ಮಾತ್ರ ಈ 14, 21ರ ಲೆಕ್ಕ ಬಿಟ್ಟುಬಿಡಿ. ಎಷ್ಟನೇ ದಿನವಾದರೂ ಸರಿ, ಆಗಲೇ ತೋರಿಸಿ.

ಕಾಮಾಲೆಯನ್ನು ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿಭಾಗದಲ್ಲೇ ನೋಡಿ. ಚರ್ಮದ ಬಣ್ಣ ನೋಡಿ ತೀರ್ಮಾನಿಸಿದರೆ ಎಡವುತ್ತೀರಿ. ಮಗುವಿನ ಬಣ್ಣ ಕಪ್ಪಾಗಿದ್ದರಂತೂ ಚರ್ಮದ ಮೇಲೆ ಹಳದಿ ಕಾಣುವುದು ಕಷ್ಟ.

ಇಲ್ಲಿ ಜನ ಮೋಸಹೋಗುವುದು ಮಗು ಚೆನ್ನಾಗಿ ಕಾಣುವುದರಿಂದ. ಬಿಲಿಯರಿ ಅಟ್ರೀಸಿಯಾ ಇರುವ ಮಗು ಮೊದಲ ಒಂದೆರಡು ತಿಂಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಹಾಲು ಕುಡಿಯುತ್ತದೆ, ತೂಕ ಏರುತ್ತದೆ, ನಗುತ್ತದೆ. ಕಾಯಿಲೆ ಅನ್ನಿಸುವುದೇ ಇಲ್ಲ. "ಹಾಲು ಚೆನ್ನಾಗಿ ಕುಡೀತಿದೆ, ಏನೂ ಇರಲಾರದು" ಎನ್ನುವ ಸಮಾಧಾನ ಈ ಕಾಯಿಲೆಯ ಮಟ್ಟಿಗೆ ಯಾವ ಕೆಲಸಕ್ಕೂ ಬರುವುದಿಲ್ಲ.

ಬಿಸಿಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯ ನೀಲಿ ಬೆಳಕು ಇನ್‌ಡೈರೆಕ್ಟ್ ಬಿಲಿರುಬಿನ್ನಿನ ಆಕಾರ ಬದಲಿಸಿ, ಅದು ಸುಲಭವಾಗಿ ಹೊರಹೋಗುವಂತೆ ಮಾಡುತ್ತದೆ. ಮುಚ್ಚಿದ ನಾಳವನ್ನು ಯಾವ ಬೆಳಕೂ ತೆರೆಯುವುದಿಲ್ಲ. ಮಗುವನ್ನು ದಿನವೂ ಬಿಸಿಲಿಗೆ ಹಿಡಿಯುತ್ತಾ ಮೂರು ವಾರ ಕಳೆದರೆ ಹೋದದ್ದು ಮೂರು ವಾರ ಮಾತ್ರ.

ಹೆಜ್ಜೆ 2: ಮಲ ಮತ್ತು ಮೂತ್ರ ನೋಡಿ, ಸರಿಯಾಗಿ ನೋಡಿ

ಈ ಬರಹದಲ್ಲಿ ನೀವು ಕೈಯಾರೆ ಮಾಡಬೇಕಾದ ಕೆಲಸ ಇದೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸರಿಯಾದ ಬಣ್ಣಗಳು ಯಾವುವು? ಸಾಸಿವೆಯ ಹಳದಿ, ಗಾಢ ಹಳದಿ, ಹಸಿರು, ಕಂದು. ಹಸಿರು ನೋಡಿ ಗಾಬರಿಯಾಗುವವರು ತುಂಬಾ ಜನ. ಆದರೆ ಹಸಿರೂ ಪಿತ್ತದ ಬಣ್ಣವೇ. ಪಿತ್ತ ಕರುಳಿಗೆ ಬರುತ್ತಿದೆ ಎಂದು ಅದು ಹೇಳುತ್ತದೆ.

ಅನುಮಾನ ಪಡಬೇಕಾದ ಬಣ್ಣಗಳು: ಸುಣ್ಣದ ಬಿಳಿ, ಬೂದು, ಒಣ ಜೇಡಿಮಣ್ಣು, ಕೆನೆ, ಪೇಲವ ನಿಂಬೆ ಹಳದಿ. ಪುಸ್ತಕಗಳಲ್ಲಿ "ಬಿಳಿ ಮಲ" ಎಂದು ಓದಿದವರು ಸೀಮೆಸುಣ್ಣದಂಥ ಬಿಳಿಗಾಗಿ ಕಾಯುತ್ತಾರೆ. ಎಷ್ಟೋ ಮಕ್ಕಳಲ್ಲಿ ಅಷ್ಟು ಬಿಳಿ ಬರುವುದೇ ಇಲ್ಲ, ಅಥವಾ ತಡವಾಗಿ ಬರುತ್ತದೆ. ಶುರುವಿನಲ್ಲಿ ಕಾಣುವುದು ಕೆನೆಗೆ ಒಂದು ಹನಿ ಹಳದಿ ಬೆರೆಸಿದಂಥ, ಜೀವವಿಲ್ಲದ ಬಣ್ಣ.

ನೋಡುವ ರೀತಿ ಹೀಗೆ. ಡೈಪರನ್ನೋ ಬಟ್ಟೆಯನ್ನೋ ಕಿಟಕಿಯ ಹತ್ತಿರ, ಹಗಲು ಬೆಳಕಿಗೆ ಒಯ್ಯಿರಿ. ಹಳದಿ ಬಲ್ಬಿನ ಕೆಳಗೆ ಪೇಲವ ಮಲವೂ ಹಳದಿಯಾಗೇ ಕಾಣುತ್ತದೆ. ಆಮೇಲೆ ಒಂದು ಕಡ್ಡಿಯಿಂದ ಮಲವನ್ನು ಬಿಡಿಸಿ ಒಳಗಿನ ಬಣ್ಣ ನೋಡಿ. ಕಾಮಾಲೆ ಇರುವ ಮಗುವಿನ ಕರುಳಿನ ಒಳಪದರದಿಂದ ಉದುರುವ ಜೀವಕೋಶಗಳಲ್ಲೂ ಹಳದಿ ಇರುತ್ತದೆ. ಅದು ಮಲದ ಹೊರಮೈಗೆ ಬಳಿದುಕೊಂಡಿರುತ್ತದೆ. ಹೊರಗೆ ಹಳದಿ, ಬಿಡಿಸಿದರೆ ಒಳಗೆ ಬೂದು. ಡೈಪರಿನಲ್ಲಿ ಗಾಢ ಮೂತ್ರವೂ ಸೇರಿಕೊಂಡರೆ ಮಲದ ಅಂಚು ಇನ್ನಷ್ಟು ಹಳದಿಯಾಗುತ್ತದೆ. ಮೇಲ್ಮೈ ಮಾತ್ರ ನೋಡಿ "ಹಳದಿ ಇದೆ" ಎಂದು ಬರೆದುಕೊಂಡ ರಿಪೋರ್ಟುಗಳು ಹೀಗೇ ತಪ್ಪುತ್ತವೆ.

ಒಂದೇ ಸಲ ನೋಡಿ ಬಿಡಬೇಡಿ. ಮೂರು ದಿನ, ಪ್ರತಿ ಸಲದ ಬಣ್ಣ ಬರೆದಿಡಿ. ಹುಟ್ಟಿದ ಮೊದಲ ವಾರ ಮಲ ಸರಿಯಾದ ಬಣ್ಣದಲ್ಲೇ ಇದ್ದು, ಆಮೇಲೆ ದಿನದಿಂದ ದಿನಕ್ಕೆ ಬಿಳಿಚಿಕೊಂಡ ಮಕ್ಕಳಿದ್ದಾರೆ. ನಾಳ ಒಂದೇ ದಿನದಲ್ಲಿ ಮುಚ್ಚಿಕೊಳ್ಳಬೇಕು ಎಂದೇನಿಲ್ಲ ಅಲ್ವಾ? "ಆಸ್ಪತ್ರೆಯಿಂದ ಬರುವಾಗ ಮಲ ಹಳದಿ ಇತ್ತು" ಎನ್ನುವುದು ಇವತ್ತಿನ ಉತ್ತರ ಆಗುವುದಿಲ್ಲ.

ಫೋಟೋ ತೆಗೆಯಿರಿ, ಆದರೆ ಫೋಟೋವನ್ನೇ ನಂಬಬೇಡಿ. ಫೋನಿನ ಕ್ಯಾಮೆರಾ ಬಣ್ಣವನ್ನು ತಾನೇ ತಿದ್ದುತ್ತದೆ. ಫ್ಲ್ಯಾಶ್ ಇಲ್ಲದೆ, ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ತೆಗೆದರೆ ನೋಡುವವರಿಗೆ ಹೋಲಿಸಲು ಒಂದು ಆಧಾರ ಸಿಗುತ್ತದೆ. ಇದಕ್ಕಿಂತ ಒಳ್ಳೆಯದು, ಮಲ ಇರುವ ಡೈಪರನ್ನೇ ಮುಚ್ಚಿ ಡಾಕ್ಟರ ಹತ್ತಿರ ಒಯ್ಯುವುದು. ಮುಜುಗರ ಬೇಡ. ಅವರು ದಿನವೂ ನೋಡುವಂಥದ್ದೇ.

ಮಲದ ಬಣ್ಣದ ಕಾರ್ಡು ಎಂದು ಒಂದಿದೆ. ಸರಿ ಮತ್ತು ಅನುಮಾನದ ಬಣ್ಣಗಳ ಚಿತ್ರ ಅಚ್ಚಾಗಿರುವ ದಪ್ಪ ಕಾಗದ ಅದು. ತೈವಾನ್ 2004ರಲ್ಲಿ ಇದನ್ನು ದೇಶದಾದ್ಯಂತ ಎಲ್ಲ ತಾಯಂದಿರಿಗೂ ಕೊಡಲು ಶುರು ಮಾಡಿತು. ಆಮೇಲೆ ಅಲ್ಲಿ 60 ದಿನದೊಳಗೆ ಆಪರೇಷನ್ ಆಗುವ ಮಕ್ಕಳ ಪ್ರಮಾಣ ಏರಿತು. ಯಂತ್ರವಿಲ್ಲ, ಸೂಜಿಯಿಲ್ಲ, ಬರೀ ಒಂದು ಕಾರ್ಡು. ನಿಮ್ಮ ಆಸ್ಪತ್ರೆಯಲ್ಲಿ ಸಿಕ್ಕರೆ ಮಲದ ಪಕ್ಕ ಹಿಡಿದು ಹೋಲಿಸಿ. ಮನೆಯ ಪ್ರಿಂಟರಿನಲ್ಲಿ ಮುದ್ರಿಸಿಕೊಂಡದ್ದು ಬೇಡ, ಬಣ್ಣ ಬದಲಾಗಿರುತ್ತದೆ.

ಇನ್ನು ಮೂತ್ರ. ಹಾಲನ್ನಷ್ಟೇ ಕುಡಿಯುವ ಎಳೆಮಗುವಿನ ಮೂತ್ರ ಹೆಚ್ಚುಕಮ್ಮಿ ನೀರಿನಂತಿರಬೇಕು. ಒಣಗಿದ ಬಿಳಿ ಬಟ್ಟೆಯ ಮೇಲೆ ಹಳದಿ ಕಲೆ ಉಳಿಯುತ್ತಿದ್ದರೆ, ಒಗೆದರೂ ಹೋಗದಿದ್ದರೆ, ಅದನ್ನು ಡಾಕ್ಟರಿಗೆ ಹೇಳಿ. ಡೈಪರಿನಲ್ಲಿ ಈ ಕಲೆ ಸರಿಯಾಗಿ ಕಾಣುವುದಿಲ್ಲ. ಎರಡು ದಿನ ಬಿಳಿ ಹತ್ತಿ ಬಟ್ಟೆ ಕಟ್ಟಿ ನೋಡಿ.

ಹೆಜ್ಜೆ 3: ಒಂದಲ್ಲ, ಎರಡು ಅಂಕಿ ಕೇಳಿ

ಡಾಕ್ಟರ ಹತ್ತಿರ ಹೋದಾಗ ಹೀಗೆ ಕೇಳಿ: "ಬಿಲಿರುಬಿನ್ ಟೋಟಲ್ ಮತ್ತು ಡೈರೆಕ್ಟ್, ಎರಡೂ ಬೇಕು." ಚರ್ಮದ ಮೇಲೆ ಒತ್ತಿ ನೋಡುವ ಸಣ್ಣ ಯಂತ್ರ ಇಲ್ಲಿ ಸಾಲದು. ಅದು ಎರಡನ್ನೂ ಬೇರೆ ಮಾಡಿ ಹೇಳುವುದಿಲ್ಲ. ರಕ್ತವೇ ಬೇಕು.

ಡೈರೆಕ್ಟ್ ಬಿಲಿರುಬಿನ್ ಒಂದು ಡೆಸಿಲೀಟರಿಗೆ 1 ಮಿಲಿಗ್ರಾಂಗಿಂತ ಜಾಸ್ತಿ ಇದ್ದರೆ ಅದು ಸರಿಯಿಲ್ಲ. ಕೆಲವು ಲ್ಯಾಬುಗಳು ಮೈಕ್ರೋಮೋಲ್ ಲೆಕ್ಕದಲ್ಲಿ ಕೊಡುತ್ತವೆ. ಆಗ ಲೀಟರಿಗೆ 17 ಎಂದು ಓದಿಕೊಳ್ಳಿ. ಟೋಟಲ್ ಎಷ್ಟೇ ಇರಲಿ, ಈ ಅಂಕಿ ದಾಟಿದರೆ ಮಗುವಿಗಿರುವುದು ಎದೆಹಾಲಿನ ಕಾಮಾಲೆ ಅಲ್ಲ. ಹಾಗೆಂದು ಬಿಲಿಯರಿ ಅಟ್ರೀಸಿಯಾನೇ ಎಂದೂ ಅಲ್ಲ. ಸೋಂಕು, ಥೈರಾಯ್ಡ್ ಕೊರತೆ, ಗ್ಯಾಲಕ್ಟೋಸೀಮಿಯಾ (ಹಾಲಿನ ಸಕ್ಕರೆಯ ಒಂದು ಭಾಗವನ್ನು ದೇಹ ಅರಗಿಸಲಾರದ ಕಾಯಿಲೆ), ಪಿತ್ತನಾಳದ ಗಂಟು, ಹುಟ್ಟಿನಿಂದ ಬಂದ ಇನ್ನೂ ಕೆಲವು ಲಿವರ್ ಕಾಯಿಲೆಗಳು ಕಾರಣ ಇರಬಹುದು. ಯಾವುದಾದರೂ ಸರಿ, ತುರ್ತಾಗಿ ಹುಡುಕಬೇಕು.

ಈ ಹೆಜ್ಜೆಯ ದೊಡ್ಡ ಬಲೆ ಟೋಟಲ್ ಅಂಕಿ. ಮೊದಲ ವಾರ 13 ಇದ್ದದ್ದು ಈಗ 9 ಆಗಿದೆ, "ಇಳೀತಿದೆ, ಒಳ್ಳೆಯದು" ಎಂದು ಕಳಿಸಿಬಿಡುತ್ತಾರೆ. ಆದರೆ ಆ 13ರಲ್ಲಿ ಬಹುಪಾಲು ಇನ್‌ಡೈರೆಕ್ಟ್ ಇತ್ತು. ಅದು ಇಳಿಯಿತು. ಅದೇ ಹೊತ್ತಿಗೆ ಕೆಳಗಿನಿಂದ ಡೈರೆಕ್ಟ್ ಏರುತ್ತಾ ಬಂತು. ಟೋಟಲ್ ಮಾತ್ರ ನೋಡುವವರಿಗೆ ಕಾಣುವುದು ಇಳಿಕೆ.

ಒಂದು ಉಪಾಯ ಹೇಳುತ್ತೇನೆ. ಮಗು ಹುಟ್ಟಿದ ಮೊದಲ ವಾರದ ರಿಪೋರ್ಟು ಮನೆಯಲ್ಲಿದ್ದರೆ ತೆಗೆದು ನೋಡಿ. ಬಿಲಿಯರಿ ಅಟ್ರೀಸಿಯಾ ಇರುವ ಮಕ್ಕಳಲ್ಲಿ ಹುಟ್ಟಿದ ಒಂದೆರಡು ದಿನದಲ್ಲೇ ಡೈರೆಕ್ಟ್ ಸ್ವಲ್ಪ ಜಾಸ್ತಿ ಇರುವುದು ಕಂಡುಬಂದಿದೆ. ಆಗ ಅದು ಸಣ್ಣ ಅಂಕಿಯಾದ್ದರಿಂದ ಯಾರೂ ಗಮನಿಸಿರುವುದಿಲ್ಲ. ಹಳೆಯದಕ್ಕಿಂತ ಈಗಿನದು ಏರಿದ್ದರೆ ಆ ಎರಡೂ ಕಾಗದ ಒಟ್ಟಿಗೆ ತೋರಿಸಿ.

ಹೆಜ್ಜೆ 4: ಹೊರಡುವ ಮುಂಚೆ ವಿಟಮಿನ್ ಕೆ

ಡೈರೆಕ್ಟ್ ಜಾಸ್ತಿ ಬಂದರೆ ಮಕ್ಕಳ ಲಿವರ್ ತಜ್ಞರು ಮತ್ತು ಮಕ್ಕಳ ಸರ್ಜನ್ ಇಬ್ಬರೂ ಇರುವ ಆಸ್ಪತ್ರೆಗೆ ಹೋಗಬೇಕು. ಮುಂದಿನ ತಿಂಗಳ ಅಪಾಯಿಂಟ್‌ಮೆಂಟ್ ಬೇಡ. ಈ ವಾರದೊಳಗೆ. "ಮಗುವಿಗೆ ಇಷ್ಟು ದಿನ, ಡೈರೆಕ್ಟ್ ಇಷ್ಟು, ಮಲ ಪೇಲವ" ಎಂದು ಮೂರೇ ಮಾತಿನಲ್ಲಿ ಫೋನಿನಲ್ಲಿ ಹೇಳಿಸಿ. ನಿಮ್ಮ ಡಾಕ್ಟರೇ ಆ ಕಡೆಯ ಡಾಕ್ಟರಿಗೆ ಫೋನ್ ಮಾಡಿದರೆ ಇನ್ನೂ ಬೇಗ.

ಹೊರಡುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: "ವಿಟಮಿನ್ ಕೆ ಕೊಡಬೇಕಾ? ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಆಗಿದೆಯಾ?" ಕೊಬ್ಬಿನಲ್ಲಿ ಕರಗುವ ವಿಟಮಿನ್ನುಗಳು ಕರುಳಿನಿಂದ ಒಳಗೆ ಹೋಗಲು ಪಿತ್ತ ಬೇಕು. ಪಿತ್ತ ಬಾರದಿದ್ದರೆ ವಿಟಮಿನ್ ಕೆ ಸೇರುವುದಿಲ್ಲ. ಅದಿಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ. ಕೆಲವು ಮಕ್ಕಳಲ್ಲಿ ಕಾಯಿಲೆ ಮೊದಲು ಗೊತ್ತಾಗುವುದೇ ತಲೆಯೊಳಗೆ ರಕ್ತಸ್ರಾವವಾಗಿ. ಹುಟ್ಟಿದಾಗ ಇಂಜೆಕ್ಷನ್ ಆಗಿದೆ ಎಂದು ಸುಮ್ಮನಿರಬೇಡಿ, ಮತ್ತೆ ಬೇಕಾಗಬಹುದು. ಬಾಯಿಗೆ ಹಾಕುವ ಹನಿಯೂ ಇಲ್ಲಿ ಸರಿಯಾಗಿ ಸೇರುವುದಿಲ್ಲ.

ಹೊಕ್ಕುಳಿನಿಂದ ರಕ್ತ, ಮೂಗಿನಿಂದ ರಕ್ತ, ಸೂಜಿ ಚುಚ್ಚಿದ ಜಾಗ ಒಸರುತ್ತಲೇ ಇರುವುದು, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಮಗು ತುಂಬಾ ಮಂಕಾಗುವುದು, ಫಿಟ್ಸ್: ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ತುರ್ತು ವಿಭಾಗಕ್ಕೆ ಹೋಗಿ.

ಹೆಜ್ಜೆ 5: ಪರೀಕ್ಷೆಗಳು ಒಂದರ ಹಿಂದೆ ಒಂದಲ್ಲ, ಜೊತೆಜೊತೆಯಾಗಿ

ದೊಡ್ಡ ಆಸ್ಪತ್ರೆಯಲ್ಲಿ ಏನೇನು ಮಾಡುತ್ತಾರೆ ಎಂದು ಗೊತ್ತಿದ್ದರೆ ನಿಮಗೆ ಗಾಬರಿ ಕಡಿಮೆ.

ಅಲ್ಟ್ರಾಸೌಂಡ್ ಮೊದಲು. ಸಾಮಾನ್ಯವಾಗಿ ಸುಮಾರು ನಾಲ್ಕು ಗಂಟೆ ಹಾಲು ನಿಲ್ಲಿಸಿ ಮಾಡುತ್ತಾರೆ. ಹಾಲು ಕುಡಿದ ಮೇಲೆ ಆರೋಗ್ಯವಂತ ಮಗುವಿನ ಪಿತ್ತಕೋಶವೂ ಕುಗ್ಗುತ್ತದೆ. ಆಗ ಸಣ್ಣ ಪಿತ್ತಕೋಶ ಕಂಡರೆ ಕಾಯಿಲೆಯೋ, ಹಾಲು ಕುಡಿದದ್ದೋ ತಿಳಿಯುವುದಿಲ್ಲ. ಎಷ್ಟು ಹೊತ್ತು ನಿಲ್ಲಿಸಬೇಕು ಎಂದು ಅವರನ್ನೇ ಕೇಳಿ, ಕೊನೆಯ ಸಲ ಹಾಲು ಕೊಟ್ಟ ಸಮಯ ಬರೆದುಕೊಂಡು ಹೋಗಿ. ಪಿತ್ತಕೋಶ ಕಾಣದಿರುವುದು, ತೀರಾ ಸಣ್ಣದಾಗಿ ಅಂಕುಡೊಂಕಾಗಿರುವುದು, ಲಿವರಿನ ಬಾಗಿಲಲ್ಲಿ ತ್ರಿಕೋನದ ನಾರಿನ ಗಂಟು ಕಾಣುವುದು, ಇವು ಅನುಮಾನ ಹೆಚ್ಚಿಸುತ್ತವೆ. ಆದರೆ ಅಲ್ಟ್ರಾಸೌಂಡ್ ಸರಿಯಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದಲ್ಲ. ಈ ಸಾಲನ್ನು ನೆನಪಿಡಿ. "ಸ್ಕ್ಯಾನ್ ನಾರ್ಮಲ್" ಎಂದು ಮನೆಗೆ ಬಂದ ಮಕ್ಕಳು ಮತ್ತೆ ತಡವಾಗಿ ಬರುತ್ತಾರೆ.

ಹೈಡಾ ಸ್ಕ್ಯಾನ್ ಇನ್ನೊಂದು. ರಕ್ತಕ್ಕೆ ಚೂರು ವಿಕಿರಣ ಪದಾರ್ಥ ಕೊಟ್ಟು, ಅದು ಪಿತ್ತದ ಜೊತೆ ಕರುಳಿಗೆ ಬರುತ್ತದೆಯೇ ನೋಡುವ ಪರೀಕ್ಷೆ. ಬಂದರೆ ದಾರಿ ತೆರೆದಿದೆ, ಬಿಲಿಯರಿ ಅಟ್ರೀಸಿಯಾ ಅಲ್ಲ ಎನ್ನಬಹುದು. ಬರದಿದ್ದರೆ ಮಾತ್ರ ಏನೂ ಖಚಿತವಾಗುವುದಿಲ್ಲ, ಏಕೆಂದರೆ ಲಿವರೇ ತುಂಬಾ ಸೋತಿದ್ದರೂ ಬರದೇ ಇರಬಹುದು. ಇದಕ್ಕೆ ಮುಂಚೆ ಐದು ದಿನ ಫೆನೋಬಾರ್ಬಿಟೋನ್ ಔಷಧ ಕೊಡುವ ರೂಢಿ ಇದೆ. ಮಗುವಿಗೆ ಆಗಲೇ 50 ದಿನವಾಗಿದ್ದರೆ ಆ ಐದು ದಿನ ತುಂಬಾ ದುಬಾರಿ. ಆಗ ಎಷ್ಟೋ ಕಡೆ ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಅದು ಸರಿಯೇ ಎಂದು ನನ್ನ ಅಭಿಪ್ರಾಯ.

ಲಿವರ್ ಬಯಾಪ್ಸಿ ಅಂದರೆ ಸೂಜಿಯಿಂದ ಲಿವರಿನ ಎಳೆಯಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ನಾಳ ಕಟ್ಟಿಕೊಂಡಿದ್ದರೆ ಸಣ್ಣ ಪಿತ್ತನಾಳಗಳು ಹೆಚ್ಚಾಗಿರುವುದು, ಒಳಗೆ ಪಿತ್ತದ ಬಿರಡೆಗಳು, ಸುತ್ತ ನಾರು ಕಾಣುತ್ತವೆ.

ಕೊನೆಯ ಮಾತು ಆಪರೇಷನ್ ಟೇಬಲ್ಲಿನ ಮೇಲಿನದು. ಸರ್ಜನ್ ಪಿತ್ತಕೋಶಕ್ಕೆ ಬಣ್ಣದ ದ್ರವ ಹಾಕಿ ಎಕ್ಸ್‌ರೇ ತೆಗೆಯುತ್ತಾರೆ. ಇದಕ್ಕೆ ಕೊಲ್ಯಾಂಜಿಯೋಗ್ರಾಂ ಎನ್ನುತ್ತಾರೆ. ದ್ರವ ಮೇಲೆ ಲಿವರಿಗೂ ಕೆಳಗೆ ಕರುಳಿಗೂ ಹರಿದರೆ ನಾಳ ಸರಿಯಿದೆ, ಹೊಟ್ಟೆ ಮುಚ್ಚುತ್ತಾರೆ. ಹರಿಯದಿದ್ದರೆ ಅಲ್ಲೇ, ಆಗಲೇ ಆಪರೇಷನ್ ಮುಂದುವರಿಯುತ್ತದೆ. "ಪೂರ್ತಿ ಖಚಿತ ಆಗದೆ ಹೊಟ್ಟೆ ತೆರೆಯುತ್ತಾರಾ?" ಎಂದು ತಂದೆತಾಯಿ ಬೆಚ್ಚುತ್ತಾರೆ. ಹೌದು, ಖಚಿತವಾಗುವುದೇ ಅಲ್ಲಿ.

ಒಂದು ಮಗುವಿನ ಲೆಕ್ಕ

ದಿನಗಳು ಎಲ್ಲಿ ಹೋಗುತ್ತವೆ ಎಂದು ತೋರಿಸಲು ಒಂದು ಕಲ್ಪಿತ ಮಗುವನ್ನು ತೆಗೆದುಕೊಳ್ಳೋಣ.

ದಿನ ತುಂಬಿ ಹುಟ್ಟಿದ ಹೆಣ್ಣುಮಗು, ತೂಕ 3 ಕಿಲೋ. 4ನೇ ದಿನ ಟೋಟಲ್ 13. ಎರಡು ದಿನ ನೀಲಿ ಬೆಳಕು, ಮನೆಗೆ. 16ನೇ ದಿನ ಕಣ್ಣು ಹಳದಿಯೇ. ತೂಕ ಚೆನ್ನಾಗಿ ಏರಿದೆ, ಕಾಯೋಣ ಎಂದಾಯಿತು. 24ನೇ ದಿನ ಟೋಟಲ್ ಮಾತ್ರ ನೋಡಿದರು: 9. "ಇಳಿದಿದೆ." 30ನೇ ದಿನ ಅಜ್ಜಿ ಬಟ್ಟೆ ಒಗೆಯುವಾಗ ಹೇಳಿದರು, ಮೂತ್ರದ ಕಲೆ ಹೋಗುತ್ತಿಲ್ಲ ಎಂದು. ತಾಯಿ ಮಲವನ್ನು ಕಿಟಕಿಯ ಹತ್ತಿರ ಒಯ್ದು ಬಿಡಿಸಿ ನೋಡಿದರು. ಒಳಗೆ ಕೆನೆ ಬಣ್ಣ. 31ನೇ ದಿನ ಎರಡೂ ಅಂಕಿ ಬಂದವು: ಟೋಟಲ್ 9.2, ಡೈರೆಕ್ಟ್ 5.4.

ಇಲ್ಲಿಂದ ಎರಡು ದಾರಿ.

ಮೊದಲನೆಯದು ಹೀಗೆ. ಸೋಂಕಿನ ರಕ್ತ ಪರೀಕ್ಷೆಗಳನ್ನು ಕಳಿಸಿ, ಅವು ಬರುವ ತನಕ ಕಾಯುತ್ತಾರೆ: 8 ದಿನ. ಒಂದು ಸೋಂಕಿನ ಗುರುತು ಅರ್ಧಂಬರ್ಧ ಬರುತ್ತದೆ, "ಅದೇ ಕಾರಣ ಇರಬಹುದು" ಎಂದು ಔಷಧ ಕೊಟ್ಟು ಎರಡು ವಾರ ಬಿಟ್ಟು ಬರಲು ಹೇಳುತ್ತಾರೆ: 14 ದಿನ. ಡೈರೆಕ್ಟ್ ಇಳಿಯಲಿಲ್ಲ. ಅಲ್ಟ್ರಾಸೌಂಡಿಗೆ 2 ದಿನ. ಫೆನೋಬಾರ್ಬಿಟೋನ್ ಮತ್ತು ಹೈಡಾ ಸೇರಿ 6 ದಿನ. ಬಯಾಪ್ಸಿ, ಅದರ ರಿಪೋರ್ಟು, ಆಪರೇಷನ್ ತಾರೀಖು ಸೇರಿ 9 ದಿನ. ಕೂಡಿಸಿದರೆ 39. ಆಪರೇಷನ್ ಆಗುವುದು 70ನೇ ದಿನ. ಯಾರೂ ಸುಮ್ಮನೆ ಕೂತಿಲ್ಲ, ಗಮನಿಸಿ. ಪ್ರತಿಯೊಂದು ಹೆಜ್ಜೆಗೂ ಕಾರಣ ಇತ್ತು. ಸಾಲಾಗಿ ಮಾಡಿದ್ದೇ ತಪ್ಪು.

ಎರಡನೆಯದು: 32ನೇ ದಿನ ವಿಟಮಿನ್ ಕೆ ಕೊಟ್ಟು ದೊಡ್ಡ ಆಸ್ಪತ್ರೆಗೆ ದಾಖಲು. ಸೋಂಕು, ಥೈರಾಯ್ಡ್ ಇತ್ಯಾದಿ ಎಲ್ಲದಕ್ಕೂ ಒಂದೇ ಸಲ ರಕ್ತ. 33ನೇ ದಿನ ಹಾಲು ನಿಲ್ಲಿಸಿ ಅಲ್ಟ್ರಾಸೌಂಡ್, ಪಿತ್ತಕೋಶ ತೀರಾ ಸಣ್ಣದು. 35ಕ್ಕೆ ಬಯಾಪ್ಸಿ, 38ಕ್ಕೆ ರಿಪೋರ್ಟು. 40ನೇ ದಿನ ಟೇಬಲ್ಲಿನ ಮೇಲೆ ಕೊಲ್ಯಾಂಜಿಯೋಗ್ರಾಂ, ಆಪರೇಷನ್. ಅದೇ ಮಗು, ಹೈಡಾ ಒಂದನ್ನು ಬಿಟ್ಟರೆ ಅವೇ ಪರೀಕ್ಷೆಗಳು, 30 ದಿನದ ವ್ಯತ್ಯಾಸ.

ನೀವು ಮೊದಲ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ ಕೇಳಬೇಕಾದ ಮಾತು ಒಂದೇ: "ಈ ರಿಪೋರ್ಟು ಬರುವ ತನಕ ಮುಂದಿನ ಪರೀಕ್ಷೆ ನಿಲ್ಲಿಸುವುದು ಅಗತ್ಯವಾ?" ಸೋಂಕಿನ ಗುರುತು ಸಿಕ್ಕರೂ ಮಲ ಪೇಲವವಾಗೇ ಇದ್ದರೆ ಬಿಲಿಯರಿ ಅಟ್ರೀಸಿಯಾ ಹುಡುಕಾಟ ನಿಲ್ಲಿಸಬಾರದು. ಎರಡೂ ಒಟ್ಟಿಗೆ ಇರಬಹುದು.

ಹೆಜ್ಜೆ 6: ಆಪರೇಷನ್, ಮತ್ತು ಬೇಗ ಯಾಕೆ

ಜಪಾನಿನ ಸೆಂಡಾಯ್ ನಗರದಲ್ಲಿ ಮೋರಿಯೋ ಕಸಾಯ್ ಎಂಬ ಸರ್ಜನ್ 1950ರ ದಶಕದಲ್ಲಿ ಈ ಆಪರೇಷನ್ ಶುರು ಮಾಡಿದರು. ಅದಕ್ಕೇ ಕಸಾಯ್ ಆಪರೇಷನ್ ಎಂಬ ಹೆಸರು. ಅದಕ್ಕೆ ಮುಂಚೆ ಬಹುತೇಕ ಮಕ್ಕಳಿಗೆ ಏನೂ ಮಾಡಲು ಆಗುತ್ತಿರಲಿಲ್ಲ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಹೆಚ್ಚಿನ ಮಕ್ಕಳು ಎರಡು ವರ್ಷ ದಾಟುವುದಿಲ್ಲ.

ಕಸಾಯ್ ಕಂಡುಕೊಂಡದ್ದು ಇಷ್ಟು. ಹೊರಗಿನ ನಾಳ ನಾರಾಗಿ ಹೋಗಿದ್ದರೂ, ಅದು ಲಿವರನ್ನು ಸೇರುವ ಬಾಗಿಲಿನ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳು ಇನ್ನೂ ತೆರೆದಿರುತ್ತವೆ. ಸರ್ಜನ್ ಆ ನಾರಿನ ಗಂಟನ್ನು ಲಿವರಿನ ಮೈವರೆಗೂ ಕತ್ತರಿಸಿ ತೆಗೆಯುತ್ತಾರೆ. ಸಣ್ಣ ಕರುಳಿನ ಒಂದು ತುದಿಯನ್ನು ಮೇಲೆ ತಂದು ಆ ಜಾಗಕ್ಕೆ ಹೊಲಿಯುತ್ತಾರೆ. ಸಣ್ಣ ನಾಳಗಳಿಂದ ಒಸರುವ ಪಿತ್ತ ನೇರವಾಗಿ ಕರುಳಿಗೆ ಬೀಳುತ್ತದೆ.

ದಿನಗಳ ಬೆಲೆ ಇಲ್ಲಿದೆ. ಆ ಸಣ್ಣ ನಾಳಗಳೂ ವಾರ ಕಳೆದಂತೆ ಮುಚ್ಚುತ್ತಾ ಹೋಗುತ್ತವೆ. ಲಿವರಿನೊಳಗೆ ಕಟ್ಟಿಕೊಂಡ ಪಿತ್ತ ಲಿವರನ್ನೇ ಗಾಯ ಮಾಡುತ್ತದೆ. ಗಾಯ ನಾರಾಗಿ, ನಾರು ಗಂಟುಗಂಟಾಗಿ ಲಿವರು ಗಟ್ಟಿಯಾಗುತ್ತದೆ. ಅದನ್ನೇ ಸಿರೋಸಿಸ್ ಎನ್ನುವುದು. ಗಟ್ಟಿಯಾದ ಲಿವರನ್ನು ಈ ಆಪರೇಷನ್ ಮೊದಲಿನಂತೆ ಮಾಡುವುದಿಲ್ಲ.

60 ದಿನ ಎಂಬುದು ಗೋಡೆಯಲ್ಲ, ಇಳಿಜಾರು. 59ಕ್ಕೆ ಸರಿ, 61ಕ್ಕೆ ತಪ್ಪು ಎಂದಿಲ್ಲ. 30ನೇ ದಿನ 45ಕ್ಕಿಂತ ಒಳ್ಳೆಯದು, 45 ಅನ್ನುವುದು 60ಕ್ಕಿಂತ ಒಳ್ಳೆಯದು. ಹಾಗೇ 60 ದಾಟಿತು ಎಂದು ಕೈಬಿಡಬೇಕಿಲ್ಲ. ತೊಂಬತ್ತು ದಿನ ದಾಟಿದ ಮಕ್ಕಳಲ್ಲೂ ಲಿವರಿನ ಸ್ಥಿತಿ ನೋಡಿ ಕಸಾಯ್ ಮಾಡುವುದುಂಟು. ಕೆಲವರಿಗೆ ನೇರವಾಗಿ ಲಿವರ್ ಕಸಿ ಸೂಕ್ತ ಎನ್ನುತ್ತಾರೆ. ಅದನ್ನು ಮಗುವನ್ನು ಪರೀಕ್ಷಿಸಿದ ತಂಡವೇ ಹೇಳಬೇಕು.

ಬೇಗ ಮಾಡಿದರೆ ಖಂಡಿತ ಗುಣವಾಗುತ್ತದೆಯೇ? ಇಲ್ಲ. ಒಳ್ಳೆಯ ಕೇಂದ್ರಗಳಲ್ಲೂ ಸರಿಸುಮಾರು ಅರ್ಧದಷ್ಟು ಮಕ್ಕಳಲ್ಲಿ ಕಾಮಾಲೆ ಪೂರ್ತಿ ಇಳಿಯುತ್ತದೆ. ಸರ್ಜನ್ನಿನ ಅನುಭವವೂ ದಿನದಷ್ಟೇ ಮುಖ್ಯ. ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ ಎಂದು ಕೇಳಲು ಹಿಂಜರಿಯಬೇಡಿ.

ಹೆಜ್ಜೆ 7: ಮನೆಗೆ ಬಂದ ಮೇಲೆ

ಮತ್ತೆ ಮಲದ ಬಣ್ಣಕ್ಕೇ ಬರುತ್ತೇವೆ. ಆಪರೇಷನ್ ಆದ ಮೇಲೆ ಮಲ ಹಳದಿಗೋ ಹಸಿರಿಗೋ ತಿರುಗಿದರೆ ಪಿತ್ತ ಹರಿಯುತ್ತಿದೆ. ಕಣ್ಣಿನ ಹಳದಿ ಇಳಿಯಲು ವಾರಗಳೇ ಬೇಕು. ಆಪರೇಷನ್ ಆಗಿ ಮೂರು ತಿಂಗಳಾಗುವ ಹೊತ್ತಿಗೆ ಟೋಟಲ್ ಬಿಲಿರುಬಿನ್ 2ಕ್ಕಿಂತ ಕೆಳಗೆ ಬಂದಿದ್ದರೆ ಮಗು ತನ್ನ ಲಿವರಿನ ಜೊತೆಗೇ ವರ್ಷಗಳನ್ನು ಕಳೆಯುವ ಸಾಧ್ಯತೆ ಜಾಸ್ತಿ.

ದಿನವೂ ಮಲದ ಬಣ್ಣ, ಜ್ವರ ಮತ್ತು ಕೊಟ್ಟ ಔಷಧ ಬರೆಯಲು ಒಂದು ನೋಟ್‌ಬುಕ್ ಇಡಿ. ಎ, ಡಿ, ಇ, ಕೆ ವಿಟಮಿನ್ನುಗಳು, ಪಿತ್ತ ಹರಿಯಲು ನೆರವಾಗುವ ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್, ಎಷ್ಟೋ ಮಕ್ಕಳಿಗೆ ಸೋಂಕು ತಡೆಯುವ ಆಂಟಿಬಯೋಟಿಕ್ ಕೂಡ ಇರುತ್ತದೆ. ತೂಕ ಏರದಿದ್ದರೆ ಎಂಸಿಟಿ ಇರುವ ಹಾಲಿನ ಪುಡಿ ಹೇಳಬಹುದು. ಎಂಸಿಟಿ ಎಂದರೆ ಪಿತ್ತ ಕಡಿಮೆಯಿದ್ದರೂ ಅರಗುವ ಒಂದು ಬಗೆಯ ಕೊಬ್ಬು.

ಭಯಪಡಬೇಕಾದ್ದು ಕೊಲ್ಯಾಂಜೈಟಿಸ್, ಅಂದರೆ ಪಿತ್ತನಾಳದ ಸೋಂಕು. ಕರುಳು ಈಗ ನೇರವಾಗಿ ಲಿವರಿಗೆ ಹೊಲಿದುಕೊಂಡಿದೆ, ಕರುಳಿನ ಬ್ಯಾಕ್ಟೀರಿಯಾಗಳಿಗೆ ಮೇಲೆ ಹತ್ತುವುದು ಸುಲಭ. ಜ್ವರ, ಮಲ ಮತ್ತೆ ಬಿಳಿಚುವುದು, ಕಣ್ಣು ಮತ್ತೆ ಹಳದಿಯಾಗುವುದು ಇದರ ಗುರುತು. ಮೂರೂ ಬರಲಿ ಎಂದು ಕಾಯಬೇಡಿ. ಜ್ವರ ಒಂದೇ ಬಂದರೂ ಅದೇ ದಿನ ಆಸ್ಪತ್ರೆಗೆ ಹೋಗಿ, "ಕಸಾಯ್ ಆಗಿರುವ ಮಗು" ಎಂದು ಬಾಗಿಲಲ್ಲೇ ಹೇಳಿ. ರಕ್ತನಾಳದ ಮೂಲಕ ಆಂಟಿಬಯೋಟಿಕ್ ಬೇಕಾಗುತ್ತದೆ. ಮನೆಯಲ್ಲಿ ಜ್ವರದ ಸಿರಪ್ ಹಾಕಿ ನಾಳೆ ನೋಡೋಣ ಎನ್ನುವ ಕಾಯಿಲೆ ಇದಲ್ಲ. ಪ್ರತಿ ಸಲದ ಸೋಂಕೂ ಲಿವರಿನ ಮೇಲೆ ಇನ್ನಷ್ಟು ಗಾಯ ಬಿಡುತ್ತದೆ.

ಕಾಮಾಲೆ ಇಳಿದ ಮಕ್ಕಳಲ್ಲೂ ಲಿವರು ನಿಧಾನವಾಗಿ ಗಟ್ಟಿಯಾಗುತ್ತಾ ಹೋಗಬಹುದು. ಹಾಗಾಗಿ ತಪಾಸಣೆ ವರ್ಷಾನುಗಟ್ಟಲೆ ಮುಂದುವರಿಯುತ್ತದೆ, ಮುಂದೆಂದೋ ಕಸಿ ಬೇಕಾಗಬಹುದು. ಮಕ್ಕಳಲ್ಲಿ ಲಿವರ್ ಕಸಿಗೆ ಅತಿ ಸಾಮಾನ್ಯ ಕಾರಣವೇ ಈ ಕಾಯಿಲೆ. ತಂದೆಯೋ ತಾಯಿಯೋ ತಮ್ಮ ಲಿವರಿನ ಒಂದು ಭಾಗ ಕೊಡುವುದೂ ಸಾಧ್ಯ. ಕಸಾಯ್ ಪೂರ್ತಿ ಯಶಸ್ವಿಯಾಗದಿದ್ದರೂ, ಅದು ಗಳಿಸಿಕೊಟ್ಟ ತಿಂಗಳುಗಳಲ್ಲಿ ಮಗು ದೊಡ್ಡದಾದಷ್ಟೂ ಕಸಿ ಸುಲಭ.

ಕಸಿಯ ಮಾತು ಬಂತೆಂದರೆ ಲಸಿಕೆಯ ಕಾರ್ಡನ್ನೂ ಅದೇ ಫೈಲಿಗೆ ಸೇರಿಸಿ. ದಡಾರ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳನ್ನು ಕಸಿಯಾದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದ್ದರಿಂದ ಮುಂಚೆಯೇ, ಕೆಲವೊಮ್ಮೆ ಮಾಮೂಲಿ ವಯಸ್ಸಿಗಿಂತ ಬೇಗನೇ, ಮುಗಿಸಲು ನೋಡುತ್ತಾರೆ. ಯಾವುದು ಯಾವಾಗ ಎಂದು ಮುಂದಿನ ಭೇಟಿಯಲ್ಲಿ ಲಿವರ್ ತಜ್ಞರನ್ನೇ ಕೇಳಿ ಬರೆಸಿಕೊಳ್ಳಿ.